ಘಟಿಕೋತ್ಸವದ ಫೋಟೋ: ಟೋಪಿಯ ನೆರಳು, ಗೌನಿನ ಮಡಿಕೆ, ಜಾಗ ತಪ್ಪಿದ ಕುಚ್ಚು

ಪ್ರಶ್ನೆ: ಫೆಬ್ರವರಿಯಲ್ಲಿ ಪುಣೆಯಲ್ಲಿ ತಂಗಿಯ ಘಟಿಕೋತ್ಸವ ಆಯಿತು. ಮಧ್ಯಾಹ್ನ ಹನ್ನೆರಡರ ಬಿಸಿಲಲ್ಲಿ ಹುಲ್ಲಿನ ಮೈದಾನದಲ್ಲಿ ನಿಲ್ಲಿಸಿ ಒಂದು ಫೋಟೋ ತೆಗೆದೆವು. ಟೋಪಿಯ ನೆರಳು ಹಣೆ, ಕಣ್ಣು ಎಲ್ಲ ನುಂಗಿದೆ. ಬಾಡಿಗೆ ಗೌನಿನ ಎದೆ ಮೇಲೆ ಪ್ಯಾಕೆಟ್ಟಿನ ಮಡಿಕೆ ಗೆರೆ ಹಾಗೇ ಇದೆ. ಟೋಪಿಯ ಕುಚ್ಚು ಎಡ ಹುಬ್ಬಿನ ತುದಿ ಮುಚ್ಚಿಕೊಂಡು ಕೆನ್ನೆ ಮೇಲೆ ಬಿದ್ದಿದೆ. ಇಲ್ಲಿನ ಒಂದು ಸ್ಟುಡಿಯೋದಲ್ಲಿ ಸರಿಮಾಡಿಸಿದರೆ ಮುಖಕ್ಕೆ ಸುಣ್ಣ ಬಳಿದ ಹಾಗಾಯಿತು, ಟೋಪಿ ಅಂಟಿಸಿದ ಹಾಗೆ ಕಾಣುತ್ತದೆ. ನನಗೆ ಫೋಟೋಶಾಪ್ ಅಲ್ಪಸ್ವಲ್ಪ ಬರುತ್ತದೆ. 12×18 ಇಂಚಿನ ಪ್ರಿಂಟ್ ಹಾಕಿಸಿ ವಿಜಯಪುರದಲ್ಲಿರುವ ಅಜ್ಜಿಗೆ ಕೊಡಬೇಕು. ನಾನೇ ಹೇಗೆ ಮಾಡಲಿ?
— ಡೊಂಬಿವಲಿಯ ಓದುಗರು

ಉತ್ತರ: ಸ್ಟುಡಿಯೋದವರು ನೆರಳನ್ನು ಪೂರ್ತಿ ತೆಗೆದುಬಿಟ್ಟಿದ್ದಾರೆ, ಮುಖಕ್ಕೆ ಸುಣ್ಣ ಬಳಿದಂತೆ ಕಾಣುವುದು ಅದಕ್ಕೇ. ತಲೆ ಮೇಲೆ ಅಗಲವಾದ ಹಲಗೆ ಇದ್ದು ಕೆಳಗೆ ನೆರಳೇ ಇಲ್ಲವೆಂದರೆ ಟೋಪಿ ತಲೆಗೆ ಸೇರಿದ್ದಲ್ಲ ಎಂದು ಕಣ್ಣು ತಕ್ಷಣ ಹೇಳುತ್ತದೆ. ನೆರಳು ಇರಬೇಕು, ಅದರೊಳಗೆ ಕಣ್ಣೂ ಕಾಣಬೇಕು. ಅಷ್ಟಕ್ಕೆ ಎಷ್ಟು ಬೆಳಗಿಸಬೇಕು, ಯಾವ ಅಂಚಿನಲ್ಲಿ ನಿಲ್ಲಿಸಬೇಕು ಎನ್ನುವುದೇ ಈ ಕೆಲಸದ ಮುಕ್ಕಾಲು ಪಾಲು.

ಮೊದಲು ಫೈಲು. ವಾಟ್ಸಾಪಿನಲ್ಲಿ ಬಂದ ಪ್ರತಿಯಲ್ಲಿ ಕೈಹಾಕಬೇಡಿ, ಅದರ ನೆರಳಿನ ಭಾಗದಲ್ಲಿ ವಿವರ ಆಗಲೇ ಕಲಸಿಹೋಗಿರುತ್ತದೆ. ಕ್ಯಾಮೆರಾ ಕಾರ್ಡಿನ ಮೂಲ ಫೈಲನ್ನೇ ತರಿಸಿಕೊಳ್ಳಿ. ರಾ ಫೈಲ್ ಇದ್ದರೆ ಇನ್ನೂ ಒಳ್ಳೆಯದು. 12×18 ಇಂಚಿಗೆ ಇಂಚಿಗೆ 300ರಂತೆ 3600×5400 ಪಿಕ್ಸೆಲ್ ಬೇಕು, 24 ಮೆಗಾಪಿಕ್ಸೆಲ್ಲಿನ ಕ್ಯಾಮೆರಾ ಸಾಮಾನ್ಯವಾಗಿ 4000×6000 ಕೊಡುತ್ತದೆ. ಹಾಗಾಗಿ ಅಳತೆಯ ಚಿಂತೆ ಇಲ್ಲ. ತೆರೆದ ಕೂಡಲೇ Image > Mode > 16 Bits/Channel ಮಾಡಿಕೊಳ್ಳಿ. ಜೆಪೆಗ್‌ಗೆ ಇದರಿಂದ ಹೊಸ ವಿವರವೇನೂ ಬರುವುದಿಲ್ಲ. ಆದರೆ ಕಪ್ಪು ಗೌನಿನ ಮೇಲೆ ಮುಂದೆ ಮಾಡುವ ತಿದ್ದುಪಡಿಗಳು ಪಟ್ಟೆ ಪಟ್ಟೆಯಾಗಿ ಒಡೆಯುವುದು ಕಡಿಮೆಯಾಗುತ್ತದೆ.

ಇನ್ನು ಪದರಗಳ ಜೋಡಣೆ. ಕುಚ್ಚು ಮತ್ತು ಮಡಿಕೆಯ ರಿಪೇರಿ ಕೆಳಗಿನ ಪದರಗಳಲ್ಲಿ ಇರಲಿ, ನೆರಳು ಬೆಳಗಿಸುವ Curves ಎಲ್ಲಕ್ಕಿಂತ ಮೇಲಿರಲಿ. ಕೆಲಸವನ್ನೂ ಇದೇ ಕ್ರಮದಲ್ಲಿ ಮಾಡಿ. ರಿಪೇರಿಯ ಬ್ರಷ್‌ಗೆ ಮೇಲಿನ ಪಟ್ಟಿಯಲ್ಲಿ Sample: Current & Below ಎಂದು ಇಡಲೇಬೇಕು. All Layers ಎಂದಿದ್ದರೆ, ಆಮೇಲೆ ತಿದ್ದಲು ವಾಪಸ್ ಬಂದಾಗ ಬ್ರಷ್ ಬೆಳಗಿಸಿದ ಚರ್ಮವನ್ನು ನಕಲು ಮಾಡಿ Curves ಪದರದ ಕೆಳಗೆ ಇಡುತ್ತದೆ, ಆ ಪದರ ಅದನ್ನು ಇನ್ನೊಮ್ಮೆ ಬೆಳಗಿಸುತ್ತದೆ. ಹಣೆ ಮೇಲೆ ಇದ್ದಕ್ಕಿದ್ದಂತೆ ಬಿಳಿ ಚಿಬ್ಬಿನಂಥ ಕಲೆ ಬಂದರೆ ಕಾರಣ ಇದೇ.

ಈಗ ಕುಚ್ಚು. ಪದವಿ ಪಡೆಯುವ ಮುನ್ನ ಬಲಕ್ಕೆ, ಪಡೆದ ಮೇಲೆ ಎಡಕ್ಕೆ ಎನ್ನುವುದು ಅಮೆರಿಕದ ಕಡೆಯ ರೂಢಿ. ನಮ್ಮ ಎಲ್ಲ ವಿದ್ಯಾಪೀಠಗಳೂ ಅದನ್ನು ಪಾಲಿಸುವುದಿಲ್ಲ, ಕೆಲವೆಡೆ ಟೋಪಿಯೇ ಇರುವುದಿಲ್ಲ. ತಂಗಿಯ ತಂಡದ ಗುಂಪು ಫೋಟೋ ಒಮ್ಮೆ ನೋಡಿ ಖಚಿತ ಮಾಡಿಕೊಳ್ಳಿ. ಎಡ ಎಂದರೆ ಹಾಕಿಕೊಂಡವರ ಎಡ, ಫೋಟೋದಲ್ಲಿ ಅದು ನಮ್ಮ ಬಲಕ್ಕೆ ಬರುತ್ತದೆ. ಇಲ್ಲಿ ಕುಚ್ಚು ಎಡಗಡೆಯೇ ಇದೆ, ಆದರೆ ಹಲಗೆಯ ಮುಂಭಾಗಕ್ಕೆ ಜಾರಿ ಬಂದಿದೆ. ಹಾಗಾಗಿ ದೊಡ್ಡ ಸ್ಥಳಾಂತರ ಬೇಡ, ಕಿವಿಯ ಮುಂದಕ್ಕೆ ಬರುವಷ್ಟು ಸರಿಸಿದರೆ ಸಾಕು. ಬಲಗಡೆ ಇದ್ದದ್ದು ಎಡಕ್ಕೆ ಬರಲಿ ಎಂದು ಇಡೀ ಫೋಟೋವನ್ನೇ ಕನ್ನಡಿಯಂತೆ ತಿರುಗಿಸುವವರೂ ಇದ್ದಾರೆ. ಆಗ ಶಾಲಿನ ಮೇಲಿನ ಅಕ್ಷರ ಉಲ್ಟಾ, ಬೈತಲೆ ಉಲ್ಟಾ, ಮೂಗುಬೊಟ್ಟು ಆಚೆ ಹೊಳ್ಳೆಗೆ. ಅಜ್ಜಿ ಮೊದಲು ನೋಡುವುದೇ ಮೂಗುಬೊಟ್ಟನ್ನು.

ಫೋಟೋ ಮುಖದ ಮಟ್ಟದಿಂದ ತೆಗೆದದ್ದಾದರೆ ಹಲಗೆಯ ಮೇಲ್ಭಾಗ, ಅಂದರೆ ನಡುವಿನ ಗುಂಡಿ ಮತ್ತು ಅಲ್ಲಿಂದ ಹೊರಟ ದಾರ ಕಾಣುವುದೇ ಇಲ್ಲ. ಹಲಗೆ ಒಂದು ತೆಳು ಪಟ್ಟಿಯಂತೆ ಕಾಣುತ್ತದೆ, ಅದರ ಅಂಚಿನಿಂದ ಕುಚ್ಚು ಇಳಿದಿರುತ್ತದೆ. ಆಗ ಕೆಲಸ ಸಲೀಸು: ಇಳಿಬಿದ್ದ ಭಾಗವನ್ನಷ್ಟೇ Lasso ಇಂದ ಮೂರು ನಾಲ್ಕು ಪಿಕ್ಸೆಲ್ ಹೊರಗೆ ಬಿಟ್ಟು ಸುತ್ತಿ, Ctrl+J ಒತ್ತಿ ಹೊಸ ಪದರಕ್ಕೆ ತೆಗೆದುಕೊಂಡು, ಹಲಗೆಯ ಅಂಚಿನ ಗುಂಟ ಸರಿಸಿ. ಸುತ್ತ ಅಂಟಿಕೊಂಡು ಬಂದ ಚರ್ಮದ ಬಣ್ಣವನ್ನು ಮಾಸ್ಕಿನಲ್ಲಿ ಸಣ್ಣ ಬ್ರಷ್ ಹಿಡಿದು ಮರೆಮಾಡಿ. ಎಳೆಗಳ ತುದಿಯನ್ನು ಕತ್ತರಿಸಿದ ಹಾಗೆ ನೇರ ಮಾಡಬೇಡಿ. ಕುಚ್ಚು ತೂಗುವುದು ನೆಟ್ಟಗೆ ಕೆಳಕ್ಕೆ. ತಂಗಿ ತಲೆ ಓರೆ ಮಾಡಿ ನಿಂತಿದ್ದರೂ ಕುಚ್ಚು ಓರೆಯಾಗುವುದಿಲ್ಲ, ಹಿಂದಿನ ಗೋಡೆಯ ಅಂಚಿಗೆ ಹೋಲಿಸಿ ನೋಡಿ.

ಖಾಲಿಯಾಗಬೇಕಾದ ಜಾಗದಲ್ಲಿ ಹಳೆಯ ಕುಚ್ಚು ಇನ್ನೂ ಇದೆ, ಅದನ್ನು ಮುಚ್ಚಬೇಕು. ಇಲ್ಲಿ ಬಹಳ ಜನ ನೇರವಾಗಿ Healing Brush ಹಿಡಿಯುತ್ತಾರೆ, ಕೆನ್ನೆ ಮೇಲೆ ಅರಿಶಿನದ ಕೈ ಒರೆಸಿದ ಹಾಗೆ ಹಳದಿ ಮಸುಕು ಉಳಿಯುತ್ತದೆ. ಆ ಬ್ರಷ್ ಚರ್ಮದ ನಯವನ್ನು ನೀವು ತೋರಿಸಿದ ಜಾಗದಿಂದ ತರುತ್ತದೆ, ಬಣ್ಣವನ್ನು ಮಾತ್ರ ಬಳಿಯುವ ಜಾಗದ ಸುತ್ತಮುತ್ತಲಿನಿಂದ ತೆಗೆದುಕೊಳ್ಳುತ್ತದೆ. ಸುತ್ತ ಚಿನ್ನದ ಬಣ್ಣದ ಎಳೆ ಉಳಿದಿದ್ದರೆ ಅದೇ ಬಣ್ಣ ಕೆನ್ನೆಗೆ ಹರಿಯುತ್ತದೆ. ಆದ್ದರಿಂದ ಹೊಸ ಖಾಲಿ ಪದರದ ಮೇಲೆ ಮೊದಲು Clone Stamp ಹಿಡಿದು ಕುಚ್ಚಿನ ಅಷ್ಟೂ ಅಗಲವನ್ನು ಪಕ್ಕದ ಕೆನ್ನೆಯಿಂದ ಮುಚ್ಚಿ. ನೆರಳಲ್ಲಿರುವ ಭಾಗಕ್ಕೆ ನೆರಳಿನ ಚರ್ಮ, ಬಿಸಿಲಿನ ಭಾಗಕ್ಕೆ ಬಿಸಿಲಿನ ಚರ್ಮ. ಕುಚ್ಚು ಕೆನ್ನೆ ಮೇಲೆ ಹಾಕಿದ್ದ ತೆಳು ನೆರಳನ್ನೂ ಇದೇ ಸುತ್ತಿನಲ್ಲಿ ಮುಚ್ಚಿ, ಅದು ಮರೆತುಹೋಗುವುದು ಹೆಚ್ಚು. ಆಮೇಲೆ ಕೂಡಿದ ಗೆರೆಯ ಮೇಲಷ್ಟೇ Healing Brush ಓಡಿಸಿ.

ಹುಬ್ಬಿನ ತುದಿಗೆ ಒಳ್ಳೆಯ ದಾರಿ ಅದೇ ಹೊತ್ತಿನಲ್ಲಿ ತೆಗೆದ ಇನ್ನೊಂದು ಫೋಟೋ. ಅದರಿಂದ ಎಡ ಹುಬ್ಬನ್ನು ತಂದು, ಪಾರದರ್ಶಕತೆ 50% ಮಾಡಿ, ಕಣ್ಣಿನ ಎರಡು ಕೊನೆಗಳಿಗೆ ಹೊಂದಿಸಿ ಕೂಡಿಸಿ. ಇನ್ನೊಂದು ಫೋಟೋ ಇಲ್ಲದಿದ್ದರೆ ಬಲ ಹುಬ್ಬಿನ ತುದಿಯನ್ನು ತಿರುಗಿಸಿ ಇಡಬಹುದು, ತುದಿಯ ಒಂದು ಸೆಂಟಿಮೀಟರ್ ಮಾತ್ರ. ಹಾಗೆ ಮಾಡುವ ಮುನ್ನ ಮೂಗಿನ ನೆರಳು ಯಾವ ಕಡೆ ವಾಲಿದೆ ನೋಡಿ. ಪುಣೆಯಲ್ಲಿ ಫೆಬ್ರವರಿಯ ಸೂರ್ಯ ಅತಿ ಎತ್ತರಕ್ಕೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, 12:45 ದಾಟಿದ ಮೇಲೆ. ಹನ್ನೆರಡಕ್ಕೆ ಅವನಿನ್ನೂ ಪೂರ್ವಕ್ಕೆ ವಾಲಿರುತ್ತಾನೆ. ಮುಖದ ಎರಡು ಬದಿಯ ಬೆಳಕು ಒಂದೇ ಅಲ್ಲ, ತಿರುಗಿಸಿದ ತುಂಡಿನ ಕಪ್ಪು ಬಿಳುಪನ್ನು ಸರಿದೂಗಿಸಲೇಬೇಕು. ಕುಚ್ಚು ಕಣ್ಣುಗುಡ್ಡೆಯನ್ನೇ ಮುಚ್ಚಿದ್ದರೆ ಮಾತ್ರ ಬೇರೆ ಫೋಟೋ ಇಲ್ಲದೆ ಮುಂದುವರಿಯಬೇಡಿ. ತಿರುಗಿಸಿ ಇಟ್ಟ ಕಣ್ಣು ಮನೆಯವರಿಗೆ ತಿಳಿದೇ ತಿಳಿಯುತ್ತದೆ.

ಹೊಸ ಜಾಗದಲ್ಲಿ ಕುಚ್ಚಿಗೆ ಒಂದು ನೆರಳು ಬೇಕು. ಕುಚ್ಚಿನ ಪದರದ ನಕಲು ತೆಗೆದು ಅದಕ್ಕೆ ಗಾಢ ಕಂದು ತುಂಬಿ (ಕಪ್ಪು ಬೇಡ), ಕೆಳಗಿಟ್ಟು Multiply ಮಾಡಿ, ಮೂಗಿನ ನೆರಳು ವಾಲಿದ ಕಡೆಗೇ ಸ್ವಲ್ಪ ಸರಿಸಿ, ಏಳೆಂಟು ಪಿಕ್ಸೆಲ್ ಮಸುಕು ಮಾಡಿ, 30% ಸುಮಾರಿಗೆ ಇಳಿಸಿ.

ಇನ್ನು ಟೋಪಿಯ ನೆರಳು. ಕಣ್ಣಂದಾಜಿನಲ್ಲಿ ಬೆಳಗಿಸಿದರೆ ಪ್ರತಿ ಸಲವೂ ಹೆಚ್ಚೇ ಆಗುತ್ತದೆ, ಅಳತೆ ಇಟ್ಟುಕೊಳ್ಳಿ. Color Sampler ಇಂದ ಎರಡು ಗುರುತು ಹಾಕಿ, ಒಂದು ಬಿಸಿಲು ಬಿದ್ದ ಕೆನ್ನೆಯ ಮೇಲೆ, ಇನ್ನೊಂದು ನೆರಳಿನ ಹಣೆಯ ನಡುವೆ. Sample Size 11 by 11 Average ಇರಲಿ, ಒಂಟಿ ಪಿಕ್ಸೆಲ್ಲನ್ನು ನಂಬಬೇಡಿ. Info ಕಿಟಕಿಯಲ್ಲಿ ಕೆನ್ನೆ R 205, G 158, B 130 ಎಂದೂ ಹಣೆ R 115, G 86, B 78 ಎಂದೂ ಬಂತು ಎಂದುಕೊಳ್ಳಿ. ಎರಡಕ್ಕೂ ನಡುವೆ ಸುಮಾರು ಎರಡು ಸ್ಟಾಪ್ ಅಂತರ, ಅಂದರೆ ಹಣೆಗೆ ಬಿದ್ದ ಬೆಳಕು ಕೆನ್ನೆಯ ಬೆಳಕಿನ ಕಾಲು ಭಾಗದಷ್ಟು. ಇದನ್ನು ಒಂದು ಸ್ಟಾಪ್‌ಗಿಂತ ಸ್ವಲ್ಪ ಕಡಿಮೆಗೆ ತಂದರೆ ನೆರಳು ನೆರಳಾಗಿಯೇ ಉಳಿದು ಕಣ್ಣು ಕಾಣುತ್ತದೆ. ಆ ಲೆಕ್ಕಕ್ಕೆ ಹಣೆಯ R 160ರ ಸುಮಾರಿಗೆ ಬರಬೇಕು. ಕೆನ್ನೆಯ ಮಟ್ಟ 205ಕ್ಕೆ ಎಳೆದರೆ ಆಗುವುದೇ ಸುಣ್ಣದ ಮುಖ.

ಬಣ್ಣವನ್ನೂ ಇದೇ ಸಂಖ್ಯೆಗಳು ಹೇಳುತ್ತವೆ. ಬಿಸಿಲಿನ ಕೆನ್ನೆಯಲ್ಲಿ G ಎನ್ನುವುದು R ನ 77%, B 63%. ಹಾಗಿದ್ದರೆ R 160 ಇರುವ ಹಣೆಯಲ್ಲಿ G 123, B 101 ಇರಬೇಕು. ಆದರೆ ನೆರಳಿನ ಹಣೆಯಲ್ಲಿ B ಆಗಲೇ R ನ 68% ಇದೆ, ಬೆಳಗಿಸಿದಾಗ 110 ದಾಟಿಬಿಡುತ್ತದೆ. ನೇರ ಬಿಸಿಲು ತಪ್ಪಿದ ಚರ್ಮಕ್ಕೆ ಬೆಳಕು ಕೊಡುವುದು ನೀಲಿ ಆಕಾಶ, ಅದರ ಗುರುತು ಇದು. ನೆರಳು ಬೆಳಗಿಸಿದ ಮುಖಗಳು ಬೂದಿ ಬಳಿದಂತೆ ಕಾಣಲು ಈ ಹೆಚ್ಚುವರಿ ನೀಲಿಯೇ ಮುಖ್ಯ ಕಾರಣ. ಕಾಲ ಕೆಳಗೆ ಹುಲ್ಲಿದ್ದುದರಿಂದ ಗದ್ದದ ಕೆಳಗೆ G ಕೂಡ ಸ್ವಲ್ಪ ಏರಿರಬಹುದು, ಅಲ್ಲಿಯೂ ಒಮ್ಮೆ ಅಳೆಯಿರಿ.

ನೆರಳಿನ ಜಾಗವನ್ನು Lasso ಇಂದ ಅಂಚಿಗೆ ಸರಿಯಾಗಿ ಸುತ್ತಿ, ಆಯ್ಕೆ ಹಾಗೇ ಇರುವಾಗ Curves ಪದರ ಸೇರಿಸಿ, ಮಾಸ್ಕ್ ತಾನಾಗಿ ಬರುತ್ತದೆ. ಗೆರೆಯಲ್ಲಿ 115ರ ಹತ್ತಿರ ಬಿಂದು ಇಟ್ಟು 160ಕ್ಕೆ ಎತ್ತಿ. ನಂತರ ಅದೇ ಕಿಟಕಿಯಲ್ಲಿ Blue ಆರಿಸಿ, Info ದಲ್ಲಿ B 101ರ ಆಸುಪಾಸಿಗೆ ಬರುವವರೆಗೆ ಗೆರೆಯ ನಡುಭಾಗವನ್ನು ಕೆಳಗಿಳಿಸಿ. ಪೂರ್ತಿ ಹೊಂದಲೇಬೇಕೆಂದಿಲ್ಲ, ನೆರಳಲ್ಲಿ ತುಸು ತಂಪು ಉಳಿದರೆ ಸಹಜ.

ಇನ್ನು ಅಂಚು. ಫೋಟೋ ಕೆಡುವುದು ಇಲ್ಲೇ. ನೆರಳು ಮೃದು, ಹಾಗಾಗಿ ಮೃದು ಬ್ರಷ್ ಎಂದು 200 ಪಿಕ್ಸೆಲ್ಲಿನ ಬ್ರಷ್ ಹಿಡಿಯುತ್ತಾರೆ. ಬಿಸಿಲಿನ ಕಡೆ ಬೆಳ್ಳನೆ ಉಂಗುರ, ನೆರಳಿನ ಕಡೆ ಕಪ್ಪು ಗೆರೆ, ಎರಡೂ ಒಟ್ಟಿಗೆ ಹುಟ್ಟುತ್ತವೆ. ನಡು ಮಧ್ಯಾಹ್ನದ ನೆರಳಿನ ಅಂಚು ಮೃದುವಲ್ಲ. ಸೂರ್ಯ ತನ್ನ ವ್ಯಾಸದ ಸುಮಾರು 107 ಪಟ್ಟು ದೂರದಲ್ಲಿದ್ದಾನೆ, ಆದ್ದರಿಂದ ನೆರಳಿನ ಅಂಚಿನ ಮಸುಕು, ನೆರಳು ಬೀಳಿಸುವ ವಸ್ತು ಎಷ್ಟು ದೂರವೋ ಅದರ 107ರಲ್ಲಿ ಒಂದು ಪಾಲು. ಹಲಗೆಯ ಅಂಚಿನಿಂದ ಕೆನ್ನೆಗೆ 12 ಸೆಂಟಿಮೀಟರ್ ಇದ್ದರೆ ಮಸುಕು ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಫೋಟೋದಲ್ಲಿ ಅದೆಷ್ಟು ಪಿಕ್ಸೆಲ್? ದೊಡ್ಡವರ ಎರಡು ಕಣ್ಣಪಾಪೆಗಳ ನಡುವೆ ಸುಮಾರು 63 ಮಿಲಿಮೀಟರ್ ಇರುತ್ತದೆ. Ruler ಹಿಡಿದು ಫೋಟೋದಲ್ಲಿ ಅಳೆಯಿರಿ. 380 ಪಿಕ್ಸೆಲ್ ಬಂದರೆ ಮಿಲಿಮೀಟರಿಗೆ ಆರು, ಅಂಚಿನ ಮಸುಕು ಸುಮಾರು ಏಳು ಪಿಕ್ಸೆಲ್. ಮಾಸ್ಕಿನ Properties ನಲ್ಲಿ Feather ಅನ್ನು ಅದರ ಅರ್ಧಕ್ಕಿಂತ ಕಡಿಮೆ, ಎರಡು ಮೂರು ಪಿಕ್ಸೆಲ್ಲಿಗೆ ಇಟ್ಟು (ಅದು ಅಂಚಿನ ಎರಡೂ ಕಡೆ ಹರಡುತ್ತದೆ), ಫೋಟೋವನ್ನು 200% ಹಿಗ್ಗಿಸಿ ಒಂದೆರಡು ಪಿಕ್ಸೆಲ್ ಆಚೀಚೆ ಸರಿಪಡಿಸಿ. ತೆಳು ಮೋಡ ಇದ್ದಿದ್ದರೆ ಅಂಚು ಇದಕ್ಕಿಂತ ಅಗಲ, ಆಗ ಲೆಕ್ಕ ಬಿಟ್ಟು ಕಣ್ಣಿಗೆ ಕಂಡದ್ದನ್ನೇ ನಂಬಿ. ಅಂಚಿನ ಗುಂಟ ಒಂದು ಕೆಂಪು ಛಾಯೆ ಕಂಡರೆ ಅಳಿಸಬೇಡಿ. ಬೆಳಕು ಚರ್ಮದೊಳಗೆ ಹೊಕ್ಕು ಪಕ್ಕಕ್ಕೆ ಹೊರಬರುವಾಗ ಆಗುವುದು ಅದು, ಅದನ್ನು ಅಳಿಸಿದರೆ ಚರ್ಮ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ.

ಮಾಸ್ಕಿನಲ್ಲಿ ಇನ್ನೆರಡು ಕಡೆ ಕೈಯಾಡಿಸಬೇಕು. ಟೋಪಿಯ ಪಟ್ಟಿ ಹಣೆಗೆ ತಾಗುವ ಕಡೆ ಬೆರಳಿನಗಲದ ನೆರಳನ್ನು ಕಪ್ಪು ಬ್ರಷ್‌ನಿಂದ ಮೆಲ್ಲಗೆ ವಾಪಸ್ ತನ್ನಿ. ಟೋಪಿಯನ್ನು ತಲೆ ಮೇಲೆ ಕೂರಿಸುವುದು ಅದೇ. ಸರಿಸಿದ ಕುಚ್ಚಿನ ಮೇಲ್ಭಾಗ ಮಾಸ್ಕಿನೊಳಗೆ ಬಂದಿದ್ದರೆ ಅದನ್ನೂ ಹೊರಗಿಡಿ, ಇಲ್ಲದಿದ್ದರೆ ಅರ್ಧ ಕುಚ್ಚು ಬಲ್ಬಿನಂತೆ ಹೊಳೆಯುತ್ತದೆ.

ಕಣ್ಣಿನ ಬಿಳಿಭಾಗ ಬಿಸಿಲಿನ ಕೆನ್ನೆಗಿಂತ ಬೆಳ್ಳಗಾಗದಿರಲಿ. ಕಣ್ಣಿನಲ್ಲಿ ಮಿಂಚಿನ ಚುಕ್ಕೆ ಬೇಕೆಂದು ಪಾಪೆಯ ಮೇಲ್ಭಾಗದಲ್ಲಿ ಬಿಳಿ ಬೊಟ್ಟು ಇಡುವ ಚಟ ಸ್ಟುಡಿಯೋಗಳಿಗಿದೆ. ಮೇಲೆ ಹಲಗೆ ಆಕಾಶವನ್ನು ಮುಚ್ಚಿರುವಾಗ ಆ ಬೊಟ್ಟು ಎಲ್ಲಿಂದ ಬರಬೇಕು? ಈ ಫೋಟೋದಲ್ಲಿ ಮಿಂಚು ಇದ್ದರೆ ಪಾಪೆಯ ಕೆಳಭಾಗದಲ್ಲಿ, ಬಿಸಿಲು ಬಿದ್ದ ನೆಲದ ಪ್ರತಿಬಿಂಬವಾಗಿ ಮಸುಕಾಗಿ ಇರುತ್ತದೆ. ಅದನ್ನೇ ಇನ್ನೊಂದು ಚಿಕ್ಕ Curves ಇಂದ ತುಸು ಎತ್ತಿ.

ಗೌನಿನ ವಿಷಯದಲ್ಲಿ ಮೊದಲ ಪ್ರಶ್ನೆ ಯಾವುದು ಉಳಿಯಬೇಕು ಎನ್ನುವುದು. ಭುಜದಿಂದ ಇಳಿದ ಹೊಲಿದ ನೆರಿಗೆ, ಮೊಣಕೈಯಿಂದ ಹೊರಟ ಮಡಿಕೆ ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಕರಗುತ್ತವೆ. ಇವು ಬಟ್ಟೆಯ ಸ್ವಭಾವ, ಮುಟ್ಟಬೇಡಿ. ಪ್ಯಾಕೆಟ್ಟಿನ ಮಡಿಕೆ ಸ್ಕೇಲಿಟ್ಟು ಎಳೆದಂತೆ ನೇರ, ಒಂದನ್ನೊಂದು ಚೌಕವಾಗಿ ದಾಟುತ್ತದೆ. ಹೋಗಬೇಕಾದದ್ದು ಅದಷ್ಟೇ.

ಮಡಿಕೆಯನ್ನು ಹತ್ತಿರದಿಂದ ನೋಡಿದರೆ ಅದು ಒಂದು ಗೆರೆಯಲ್ಲ, ಜೋಡಿ: ಬಿಸಿಲಿಗೆ ಮುಖಮಾಡಿದ ಬೆಳ್ಳನೆ ಏಣು, ಅದಕ್ಕೆ ತಾಗಿದ ಕಪ್ಪು ತಗ್ಗು. Curves ಪದರದ ಕೆಳಗೆ ಹೊಸ ಪದರ ಸೇರಿಸಿ, Layers ಕಿಟಕಿಯಲ್ಲಿ ಆ ಪದರವನ್ನೇ Darken ಮಾಡಿ, Clone Stamp ಅನ್ನು Mode: Normal, Opacity 40% ಇಟ್ಟು ಬೆಳ್ಳನೆ ಏಣಿನ ಮೇಲೆ ಓಡಿಸಿ. Darken ಇದ್ದಾಗ ಬ್ರಷ್ ತನ್ನ ಮೂಲಕ್ಕಿಂತ ಬೆಳ್ಳಗಿರುವುದನ್ನು ಮಾತ್ರ ಬದಲಿಸುತ್ತದೆ, ಸುತ್ತಲಿನ ನೇಯ್ಗೆ ಉಳಿಯುತ್ತದೆ. ಕಪ್ಪು ತಗ್ಗಿಗೆ ಇನ್ನೊಂದು ಪದರ, ಅದಕ್ಕೆ Lighten. ಬ್ರಷ್ ಮಡಿಕೆಯ ಒಂದೂವರೆಯಷ್ಟು ಅಗಲ ಇದ್ದರೆ ಸಾಕು. ಎದೆಗೆ ಅಡ್ಡವಾಗಿರುವ ಗೆರೆ ಹತ್ತಾರು ಉದ್ದ ನೆರಿಗೆಗಳನ್ನು ದಾಟುತ್ತದೆ. ಪ್ರತಿ ನೆರಿಗೆಗೂ ಮೂಲವನ್ನು ಅದೇ ನೆರಿಗೆಯ ಮೇಲೆ, ಗೆರೆಯ ತುಸು ಮೇಲ್ಗಡೆ Alt ಒತ್ತಿ ಆರಿಸಿ. ಪಕ್ಕದ ನೆರಿಗೆಯಿಂದ ತಂದರೆ ಉಬ್ಬಿನ ಮೇಲೆ ತಗ್ಗು ಬಂದು ನೆರಿಗೆ ಮುರಿದಂತೆ ಕಾಣುತ್ತದೆ. ಬೇಸರದ ಕೆಲಸ, ಆದರೆ ಅಡ್ಡದಾರಿ ಇಲ್ಲ. ಮಸುಕು ಮಾಡಿ ಮುಗಿಸಿದ ಗೌನು ಪ್ರಿಂಟಿನಲ್ಲಿ ಟಾರ್ಪಾಲಿನಂತೆ ಬರುತ್ತದೆ.

ಕಪ್ಪು ಬಟ್ಟೆಯ ಮೇಲಿನ ತಪ್ಪುಗಳು ಪರದೆಯಲ್ಲಿ ಅಡಗಿಕೊಳ್ಳುತ್ತವೆ. ಎಲ್ಲಕ್ಕಿಂತ ಮೇಲೆ ತಾತ್ಕಾಲಿಕವಾಗಿ ಒಂದು Curves ಪದರ ಹಾಕಿ ಕಪ್ಪು ಭಾಗವನ್ನು ಜೋರಾಗಿ ಎತ್ತಿ ನೋಡಿ. ಒಂದೇ ಮಾದರಿ ಮರುಕಳಿಸಿದ್ದು, ಬ್ರಷ್‌ನ ಗುಂಡು ಕಲೆ ಎಲ್ಲ ಎದ್ದುಬರುತ್ತವೆ. ತಿದ್ದಿದ ಮೇಲೆ ಆ ಪದರವನ್ನು ಅಳಿಸಲು ಮರೆಯಬೇಡಿ. ಗೌನಿನ ಅತಿ ಕಪ್ಪು ಜಾಗವೂ Info ದಲ್ಲಿ 12ರ ಸುಮಾರಿಗೆ ನಿಲ್ಲಲಿ, ಅದಕ್ಕಿಂತ ಕೆಳಗಿನದು ಕಾಗದದ ಮೇಲೆ ಒಂದೇ ಮುದ್ದೆ ಆಗಬಹುದು.

ಲ್ಯಾಬಿಗೆ ಕೊಡುವ ಪ್ರತಿಯನ್ನು ಎಸ್‌ಆರ್‌ಜಿಬಿಗೆ ಬದಲಿಸಿ, 8 ಬಿಟ್ ಜೆಪೆಗ್ ಮಾಡಿ. ದೊಡ್ಡ ಪ್ರಿಂಟಿಗೆ ಮುನ್ನ ಫೋಟೋವನ್ನು 3600×5400ಕ್ಕೆ ತಂದು, ಕಣ್ಣು, ಟೋಪಿ, ಕುಚ್ಚು ಬರುವಂತೆ 1200×1800 ಪಿಕ್ಸೆಲ್ಲಿನ ತುಂಡು ಕತ್ತರಿಸಿ 4×6 ಇಂಚಿನ ಪ್ರಿಂಟ್ ಹಾಕಿಸಿ. ದೊಡ್ಡ ಪ್ರಿಂಟಿನಲ್ಲಿ ಮುಖ ಅದೇ ಗಾತ್ರದಲ್ಲಿ ಬರುತ್ತದೆ, ಕೆಲವೇ ರೂಪಾಯಿಯಲ್ಲಿ ಅಂಚಿನ ತಪ್ಪು ಗೊತ್ತಾಗುತ್ತದೆ. ಅದನ್ನು ಟ್ಯೂಬ್‌ಲೈಟಿನ ಕೆಳಗಲ್ಲ, ಕಿಟಕಿಯ ಬೆಳಕಿನಲ್ಲಿ ನೋಡಿ. ಪರೀಕ್ಷೆಗೂ ದೊಡ್ಡದಕ್ಕೂ ಒಂದೇ ಲ್ಯಾಬ್, ಒಂದೇ ಕಾಗದ ಇರಲಿ. ಮತ್ತೆ, ಕೌಂಟರಿನಲ್ಲಿ 'ಕರೆಕ್ಷನ್ ನಕೋ' ಎಂದು ಮರಾಠಿಯಲ್ಲೇ ಸ್ಪಷ್ಟವಾಗಿ ಹೇಳಿ, ಕವರಿನ ಮೇಲೂ ಬರೆಸಿ. ಯಂತ್ರದ ತಾನಾಗಿ ಸರಿಪಡಿಸುವ ಏರ್ಪಾಡು ಕಪ್ಪು ಗೌನು ತುಂಬಿದ ಫೋಟೋವನ್ನು ಬೆಳಕು ಸಾಲದ್ದು ಎಂದೇ ತಿಳಿದು ಎಲ್ಲವನ್ನೂ ಬೆಳಗಿಸುತ್ತದೆ. ಗೌನು ಬೂದಾಗಿ, ನೀವು 160ಕ್ಕೆ ನಿಲ್ಲಿಸಿದ ಹಣೆ ಮತ್ತೆ ಸುಣ್ಣಕ್ಕೆ ಹೋಗುತ್ತದೆ.